ಹತ್ತು ಸಲದ ಲೆಕ್ಕ

ನಮ್ಮ ಶ್ರೀಮತಿಯವರ ಮೊಣಕಾಲಿನ ಕೀಲು ಬದಲಿಸಿದ ಬಳಿಕ, ಫಿಸಿಯೋಥೆರಪಿಗಾಗಿ ಹೊಸೂರಿನ ಒಂದು ಚಿಕಿತ್ಸಾಲಯದಲ್ಲಿ ವಿಚಾರಿಸಿದೆವು. ಬಿಡಿಯಾಗಿ ಸಲಕ್ಕೆ 400 ರೂಪಾಯಿ. ಹತ್ತು ಸಲದ ಪ್ಯಾಕೇಜಿಗೆ ಮುಂಗಡವಾಗಿ 3000. ಅವಲಪಲ್ಲಿಯ ನಮ್ಮ ಮನೆಗೇ ಬಂದರೆ ಸಲಕ್ಕೆ 700.

ಮೇಲುನೋಟಕ್ಕೆ ಪ್ಯಾಕೇಜೇ ಅಗ್ಗ. ಆದರೆ ಏಳು ಸಲಕ್ಕೆ ಚಿಕಿತ್ಸೆ ಮುಗಿದರೆ ಬಿಡಿ ಲೆಕ್ಕದಲ್ಲಿ ಆಗುವುದು 2800 ಮಾತ್ರ; ಪ್ಯಾಕೇಜಿನ ಲಾಭ ಎಂಟನೆಯ ಸಲದಿಂದ. ಇನ್ನು ಹೋಗಿಬರುವ ಆಟೋ ಬಾಡಿಗೆ 200 ಸೇರಿಸಿದರೆ ಬಿಡಿಯ ಖರ್ಚು 600, ಪ್ಯಾಕೇಜಿನದು 500 ಆಗುತ್ತದೆ. ಮನೆಭೇಟಿಯ 700 ಆಗ ಅಷ್ಟೇನೂ ದುಬಾರಿಯೆನಿಸದು.

ಮೊದಮೊದಲು ಆಟೋ ಹತ್ತಿಳಿಯುವುದೇ ಕಷ್ಟ. ಬೇಕಾದದ್ದೂ ಯಂತ್ರಗಳಿಗಿಂತ ಹೆಚ್ಚಾಗಿ ಕಾಲು ಮಡಿಸಿ ನೀಡುವ ವ್ಯಾಯಾಮ. ಆದ್ದರಿಂದ ಐದು ಸಲ ಮನೆಗೇ ಕರೆಸಿದೆವು. ಆಸರೆ ಹಿಡಿದು ಚೆನ್ನಾಗಿ ನಡೆಯತೊಡಗಿದಾಗ ಮಂಡಿ ಮಡಚುವ ಕೋನವನ್ನು ಅಳೆಸಿದೆವು: 80 ಡಿಗ್ರಿ. ಕುರ್ಚಿಯಿಂದ ಸರಾಗವಾಗಿ ಏಳಲು 90ಕ್ಕೂ ಹೆಚ್ಚು ಬೇಕು. ಇನ್ನೂ ಹತ್ತು ಸಲವಾದರೂ ಅಗತ್ಯವೆಂದು ಖಚಿತವಾದ ಮೇಲೆಯೇ ಪ್ಯಾಕೇಜಿಗೆ ಹಣ ಕಟ್ಟಿದೆವು.

ಕಟ್ಟುವಾಗ ಅದರ ಅವಧಿ ಎಷ್ಟು, ಉಳಿದ ಸಲಗಳ ಹಣ ಮರಳುವುದೇ ಎಂಬೆರಡನ್ನೂ ರಸೀದಿಯಲ್ಲಿ ಬರೆಸಿಕೊಂಡೆವು. ಕೋನ ಮುಂದುವರಿಯದೆ ನಿಂತರೆ, ಕಟ್ಟಿದ ಹಣಕ್ಕಾಗಿ ಸಲಗಳನ್ನು ಮುಗಿಸುತ್ತ ಕೂರದೆ ಶಸ್ತ್ರವೈದ್ಯರಿಗೆ ತೋರಿಸಬೇಕಲ್ಲವೇ?