ಅಕ್ಕನ ಬಾಲ್ಕನಿಗೆ ಬಂದ ಬಿಸಿಲು

ತಿಕೋಟಾದಲ್ಲಿ ಅಕ್ಕ ಮನೆ ಕಟ್ಟಿಸುತ್ತಿದ್ದಳು. ಅವಳ ಆಸೆ ಒಂದೇ. ಮೊಣಕಾಲು ನೋವಿನಿಂದ ಮಾಳಿಗೆಯ ಏಣಿ ಹತ್ತಲಾಗದು, ಆದ್ದರಿಂದ ದಕ್ಷಿಣಕ್ಕೆ ಮುಖ ಮಾಡಿದ ಮಹಡಿಯ ಬಾಲ್ಕನಿಯಲ್ಲೇ ಬೇಸಿಗೆಯ ಹಪ್ಪಳ, ಸಂಡಿಗೆ ಒಣಗಬೇಕು. ಬಾಲ್ಕನಿ ನಾಲ್ಕು ಅಡಿ ಅಗಲ, ಹೊರ ಅಂಚಿಗೆ ಮೂರು ಅಡಿ ಕಟ್ಟೆಗೋಡೆ. ನೆಲದಿಂದ ಒಂಬತ್ತು ಅಡಿ ಮೇಲೆ, ಬಾಲ್ಕನಿಯಷ್ಟೇ ಹೊರಚಾಚಿದ ಸ್ಲ್ಯಾಬು.

ಡಿಸೆಂಬರ್‌ನಲ್ಲಿ ಅಕ್ಕನ ಮಗ ಮನೆಯನ್ನು ಸ್ಕೆಚ್‌ಅಪ್‌ನಲ್ಲಿ ಎಬ್ಬಿಸಿ, `Shadows` ಹಚ್ಚಿ, ಏಪ್ರಿಲ್ 15ರ ಮಧ್ಯಾಹ್ನದ ಚಿತ್ರ ತೋರಿಸಿದ. ಬಿಸಿಲು ನೆಲವನ್ನು ದಾಟಿ ಒಳಗೋಡೆಗೆ ಎರಡು ಅಡಿಯಷ್ಟು ಹತ್ತಿತ್ತು. ನಮಗೆಲ್ಲ ಖುಷಿ. ಅಕ್ಕ ಮಾತ್ರ ಪರದೆಯನ್ನೇ ದಿಟ್ಟಿಸಿದಳು.

"ಬ್ಯಾಸಗಿ ಬಿಸಲ ನೆತ್ತಿ ಮ್ಯಾಲ ಬೀಳತೈತಪಾ, ಗ್ವಾಡಿ ಹೆಂಗ ಹತ್ತೀತು?"

ಅವಳ ಮಾತೇ ಸರಿ. ತಿಕೋಟಾದ ಅಕ್ಷಾಂಶ ಸುಮಾರು 16.8 ಡಿಗ್ರಿ. ಮೇ 7ರ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ಇಲ್ಲಿ ನೇರ ನೆತ್ತಿಗೇ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ದಕ್ಷಿಣದ ಗೋಡೆಗೆ ಆಗ ಮಧ್ಯಾಹ್ನದ ಬಿಸಿಲೇ ಇಲ್ಲ.

ಹುಡುಗ `Model Info` ತೆರೆದು `Geo-location` ನೋಡಿದ. ಊರು ಕೊಟ್ಟಿರಲೇ ಇಲ್ಲ. ನಾವು ಹೇಳದಿದ್ದರೆ ಆ ತಂತ್ರಾಂಶ ತನಗೆ ಗೊತ್ತಿರುವ ಅಮೆರಿಕದ ಬೌಲ್ಡರ್ ಊರಿನ ಸೂರ್ಯನನ್ನೇ ಹಚ್ಚುತ್ತದೆ, 40 ಡಿಗ್ರಿ ಅಕ್ಷಾಂಶದವನನ್ನು. ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ, ವರ್ಷವಿಡೀ ಮಧ್ಯಾಹ್ನಕ್ಕೆ ದಕ್ಷಿಣದಲ್ಲೇ ಇರುತ್ತಾನೆ. ನೆರಳು ನೋಡಲು ಚೆಂದವಾಗಿಯೇ ಬೀಳುವುದರಿಂದ ತಪ್ಪು ಕಣ್ಣಿಗೆ ಹೊಳೆಯುವುದಿಲ್ಲ. ಅಕ್ಷಾಂಶ, ರೇಖಾಂಶ ಕೊಟ್ಟು, ಸಮಯವನ್ನು `UTC+05:30` ಮಾಡಿದ ಮೇಲೆ ಅದೇ ಏಪ್ರಿಲ್ 15ರ ಬಿಸಿಲು ಬಾಲ್ಕನಿಯ ಹೊರ ಅಂಚಿನ ಬಳಿ ಒಂದು ಗೇಣಿನಷ್ಟು ಪಟ್ಟಿಯಾಗಿ ಉಳಿಯಿತು. ಸಂಡಿಗೆಗೆ ಅದು ಎಲ್ಲಿ ಸಾಲಬೇಕು?

ಈ ಸಲದ ಲೆಕ್ಕವನ್ನಾದರೂ ನಂಬುವುದು ಹೇಗೆ? ಡಿಸೆಂಬರ್ 21ರಂದು ನಾನೂ ಗೌಂಡಿಯೂ ತೆರೆದ ಸ್ಲ್ಯಾಬಿನ ಮೇಲೆ ಮೂರು ಅಡಿಯ ಕೋಲನ್ನು ತೂಕದಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿದೆವು. ಹನ್ನೆರಡಕ್ಕೇ ಗೌಂಡಿ ಅಳತೆಪಟ್ಟಿ ಬಿಚ್ಚಿದ. ನಾನು ತಡೆದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಹೊತ್ತಿಗೆ, ನಾವಿರುವುದು 75.5ರಲ್ಲಿ. ಹಾಗಾಗಿ ಆ ದಿನ ನಮ್ಮೂರಿನ ನಡುಮಧ್ಯಾಹ್ನವಾಗುವುದು 12:26ಕ್ಕೆ. ಆ ಹೊತ್ತಿಗೆ ನೆರಳು ಅತಿ ಗಿಡ್ಡವಾಯಿತು, ಎರಡೂವರೆ ಅಡಿ. ತಿದ್ದಿದ ಮಾದರಿಯಲ್ಲೂ ಅಷ್ಟೇ. ಬೌಲ್ಡರ್‌ನ ಸೂರ್ಯನಾಗಿದ್ದರೆ ಅದೇ ಕೋಲಿಗೆ ಆರು ಅಡಿ ನೆರಳು ಬಿದ್ದಿರುತ್ತಿತ್ತು. ಆ ಗಿಡ್ಡ ನೆರಳಿನ ಗುಂಟ ಸುಣ್ಣದ ಗೆರೆ ಎಳೆದೆವು. ಅದೇ ನಿಜವಾದ ಉತ್ತರ-ದಕ್ಷಿಣ. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಸರಳಿನ ಹತ್ತಿರ ದಾರಿ ತಪ್ಪುತ್ತದೆ, ಸೂರ್ಯ ತಪ್ಪುವುದಿಲ್ಲ.

ಬಿಸಿಲನ್ನು ತಡೆಯುತ್ತಿದ್ದುದು ಏನು? ಮೊದಲು ಕಟ್ಟೆಗೋಡೆಯನ್ನೇ ಅನುಮಾನಿಸಿ, ಮಾದರಿಯಲ್ಲಿ ಅದನ್ನು ತೆಗೆದು ಗ್ರಿಲ್ ಇಟ್ಟೆವು. ಡಿಸೆಂಬರ್‌ನಲ್ಲಿ ನೆಲವೆಲ್ಲ ಬೆಳಗಿತು, ಏಪ್ರಿಲ್‌ನಲ್ಲಿ ನಾಲ್ಕೈದು ಇಂಚಷ್ಟೇ ಹೆಚ್ಚು ಸಿಕ್ಕಿತು. ಎತ್ತರದ ಸೂರ್ಯನಿಗೆ ಅಡ್ಡ ಬರುವುದು ತಲೆಯ ಮೇಲಿನ ಸ್ಲ್ಯಾಬು. ಗೌಂಡಿ ಇದನ್ನು ಕೇಳಿ "ಅದಕ್ಕ ಅಲ್ರೀ ಸಜ್ಜಾ ಅನ್ನೂದು" ಅಂದ. ವಿಜಯಪುರದ ಇಬ್ರಾಹಿಂ ರೋಜಾದ ಅಂಚುಗುಂಟ ಚಾಚಿದ ಆ ಅಗಲ ಕಲ್ಲಿನ ಛಜ್ಜಾಗಳ ಹೆಸರೇ ಇಂದು ಗೌಂಡಿಗಳ ಬಾಯಲ್ಲಿ ಸಜ್ಜಾ. ಬೇಸಿಗೆಯ ಬಿಸಿಲನ್ನು ತಡೆಯುವುದೇ ಅದರ ಕೆಲಸ. ನಮಗೆ ಬೇಕಿದ್ದುದು ಅದಕ್ಕೆ ವಿರುದ್ಧ.

ಮೇಲಿನ ಸ್ಲ್ಯಾಬಿಗೆ ಇನ್ನೂ ಕಾಂಕ್ರೀಟ್ ಸುರಿದಿರಲಿಲ್ಲ. ಚಾಚು ನಾಲ್ಕರ ಬದಲು ಎರಡು ಅಡಿ ಸಾಕೆಂದು ಇಂಜಿನಿಯರ್ ಕೂಡ ಒಪ್ಪಿದರು. ಈಗ ಏಪ್ರಿಲ್ ನಡುವೆ ಮಧ್ಯಾಹ್ನಕ್ಕೆ ಎರಡೂವರೆ ಅಡಿಗಿಂತ ತುಸು ಹೆಚ್ಚಿನ ಅಗಲದ ಬಿಸಿಲು ನೆಲಕ್ಕೆ ಬೀಳುತ್ತದೆ, ಗೋಡೆ ಮಾತ್ರ ನೆರಳಲ್ಲೇ ಇರುತ್ತದೆ. ಆದರೆ ಒಂದು ಹೊತ್ತಿನ ಚಿತ್ರ ನೋಡಿ ತೀರ್ಮಾನಿಸಬಾರದು. ಅದೇ ದಿನ ಮುಂಜಾನೆ 8:45ರವರೆಗೂ, ಸಂಜೆ 4:10ರ ಮೇಲೂ ಸೂರ್ಯ ಮನೆಯ ಉತ್ತರ ಬದಿಗಿರುತ್ತಾನೆ. ಬಾಲ್ಕನಿಗೆ ಆಗ ನೇರ ಬಿಸಿಲಿಲ್ಲ, ಬೆಳಕು ಮಾತ್ರ ಧಾರಾಳ. ಪರದೆಯ ಮೇಲಿನ ಕಪ್ಪು ನೆರಳು ಕತ್ತಲೆಯಲ್ಲ. ನೇರ ಬಿಸಿಲು ಇದೆಯೋ ಇಲ್ಲವೋ ಎಂಬುದಷ್ಟನ್ನೇ ಅದು ಹೇಳುತ್ತದೆ, ಆಕಾಶದಿಂದ ಬರುವ ಬೆಳಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪಕ್ಕದ ಮನೆಯ ನೀರಿನ ಟಾಕಿಯನ್ನು ಮಾದರಿಗೆ ಸೇರಿಸಿದ್ದು ಕಡೆಗೆ. ಅದರ ನೆರಳು ಮುಂಜಾನೆ ಒಂಬತ್ತರ ಸುಮಾರಿಗೆ ಮೂಲೆಯೊಂದನ್ನು ನುಂಗುತ್ತಿತ್ತು. ಅಕ್ಕ ಆ ಮೂಲೆಯಲ್ಲಿ ತುಳಸಿಯ ಬದಲು ತಟ್ಟು, ಚಾಪೆ ಇಡುತ್ತೇನೆಂದಳು. ಏಪ್ರಿಲ್‌ನಲ್ಲಿ ನಾನು ಹೋದಾಗ ಉಳಿದ ನೆಲದ ಮೇಲೆ ಬಿಳಿ ಪಂಚೆ ಹಾಸಿತ್ತು, ಅದರ ತುಂಬ ಸಂಡಿಗೆ. ಪಂಚೆಯ ಒಳ ಅಂಚನ್ನು ಅಕ್ಕ ಬಿಸಿಲು ಮುಗಿಯುವ ಗೆರೆಗೆ ಸರಿಯಾಗಿ ಮಡಚಿದ್ದಳು.