‘ನೋಡೋಣ’ ಅಂದರೆ ಏನು?

ನಮ್ಮ ತಂಡದಲ್ಲಿ ಡಿಸೈನ್ ರಿವ್ಯೂ ಮುಗಿದ ಮೇಲೆ ಅದರ ರೆಕಾರ್ಡಿಂಗ್ ಕೇಳಿ ಎರಡು ಪುಟ ಮೀರದ ಒಂದು ದಾಖಲೆ ಬರೆಯುವ ಕೆಲಸ ಬಹುಪಾಲು ನನ್ನ ತಲೆಗೇ ಬರುತ್ತದೆ. ಕನ್ನಡದಲ್ಲಿ ನಾಲ್ಕು ಸಾಲು ಗೀಚುತ್ತೇನೆಂಬ ಸುದ್ದಿ ಹಬ್ಬಿರುವುದೇ ಇದಕ್ಕೆ ಕಾರಣವಿರಬೇಕು. ಇಂಥ ದಾಖಲೆಗೆ 2011ರಲ್ಲಿ ಮೈಕೆಲ್ ನೈಗಾರ್ಡ್ ಎಂಬಾತ ಒಂದು ಸರಳ ನಮೂನೆ ಕೊಟ್ಟ. ಶೀರ್ಷಿಕೆ, ಹಿನ್ನೆಲೆ, ನಿರ್ಧಾರ, ಅದು ಈಗ ಜಾರಿಯಲ್ಲಿದೆಯೇ ಇಲ್ಲವೇ ಎಂಬ ಸ್ಥಿತಿ, ಪರಿಣಾಮಗಳು, ಇಷ್ಟೇ. ನಾವು ಅದಕ್ಕೆ ‘ಕೈಬಿಟ್ಟ ದಾರಿಗಳು’ ಎಂಬ ಇನ್ನೊಂದು ಭಾಗ ಸೇರಿಸಿಕೊಂಡಿದ್ದೇವೆ. ನನ್ನ ಸಮಯವೆಲ್ಲ ಹೋಗುವುದು ಅಲ್ಲೇ. ಯಾವ ದಾರಿ ಹಿಡಿದಿದ್ದೇವೆ ಎಂದು ಕೋಡ್ ನೋಡಿದವರಿಗೆ ಗೊತ್ತಾಗುತ್ತದೆ. ಯಾವುದನ್ನು ಏಕೆ ಬಿಟ್ಟೆವು ಎಂಬುದು ಮಾತ್ರ ಕೋಡಿನಲ್ಲಿ ಎಲ್ಲೂ ಇರುವುದಿಲ್ಲ.

ಈಚಿನ ಒಂದು ರಿವ್ಯೂ ಹೇಳುತ್ತೇನೆ. ಕಾಲೇಜು ಫೀಸು ಕಟ್ಟಿಸಿಕೊಳ್ಳುವ ಒಂದು ವ್ಯವಸ್ಥೆ ನಮ್ಮದು. ದುಡ್ಡು ಕಟ್ಟಿದ ಕೂಡಲೇ ಪಿಡಿಎಫ್ ರಸೀದಿ ತಯಾರಾಗಿ ವಿದ್ಯಾರ್ಥಿಗೆ ಈಮೇಲ್ ಹೋಗಬೇಕು. ಒಂದು ರಸೀದಿಗೆ ಸುಮಾರು 3 ಸೆಕೆಂಡು ಬೇಕು. ಅಡ್ಮಿಷನ್ ದಿನಗಳಲ್ಲಿ ನಿಮಿಷಕ್ಕೆ 40 ಜನ ಕಟ್ಟುತ್ತಾರೆ. ರಸೀದಿ ಆಗುವವರೆಗೂ ಪುಟ ಸುತ್ತುತ್ತಲೇ ಇರುವುದನ್ನು ಕಂಡು ಹೆದರಿದ ಹುಡುಗರು ಮತ್ತೆ ಗುಂಡಿ ಒತ್ತುತ್ತಿದ್ದರು. ಹಾಗಾಗಿ ರಸೀದಿಯ ಕೆಲಸವನ್ನು ಹಿಂದಕ್ಕೆ ಸರಿಸಿ, ಬೇರೆ ಕೆಲಸಗಾರ ಪ್ರೋಗ್ರಾಮುಗಳು ಸಾವಕಾಶವಾಗಿ ಮಾಡಲಿ ಎಂಬ ಯೋಚನೆ. ಅದನ್ನು ಹೇಗೆ ಮಾಡುವುದು ಎಂಬ ಚರ್ಚೆ 1 ಗಂಟೆ 20 ನಿಮಿಷ ನಡೆಯಿತು.

ಮುಂದಿಟ್ಟ ದಾರಿಗಳು ಮೂರು. ರ‍್ಯಾಬಿಟ್‌ಎಂಕ್ಯೂ ಎಂಬ ಸಂದೇಶಗಳ ಸರದಿ ನೋಡಿಕೊಳ್ಳುವ ಸರ್ವರ್ ಇಡುವುದು ಮೊದಲನೆಯದು. ಎರಡನೆಯದು, ನಿಮಿಷಕ್ಕೊಮ್ಮೆ ತಾನಾಗಿ ಓಡುವ ಕ್ರಾನ್. ಮೂರನೆಯದರಲ್ಲಿ ಫೀಸಿನ ಲೆಕ್ಕವಿರುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲೇ ಕೆಲಸಗಳ ಒಂದು ಟೇಬಲ್ ಇಟ್ಟು, ಕೆಲಸಗಾರರು ಒಂದೊಂದೇ ಸಾಲು ಎತ್ತಿಕೊಳ್ಳುತ್ತಾರೆ. ಗೆದ್ದದ್ದು ಇದೇ. ಅದರ ಜೀವಾಳ ಇಷ್ಟು:

```sql
SELECT id FROM receipt_jobs
WHERE status = 'pending'
ORDER BY id LIMIT 1
FOR UPDATE SKIP LOCKED;
```

ಒಬ್ಬ ಕೆಲಸಗಾರ ಬೀಗ ಹಾಕಿ ಹಿಡಿದ ಸಾಲನ್ನು ಇನ್ನೊಬ್ಬ ಕಾಯದೆ, ದಾಟಿಕೊಂಡು ಮುಂದಿನದಕ್ಕೆ ಹೋಗುತ್ತಾನೆ. ಹಿಡಿದವನು ನಡುವೆ ಸತ್ತರೆ ಬೀಗ ತಾನೇ ಬಿಚ್ಚಿಕೊಳ್ಳುತ್ತದೆ. ಈ ಸೌಲಭ್ಯ ಪೋಸ್ಟ್‌ಗ್ರೆಸ್‌ಗೆ ಬಂದದ್ದು 2016ರ ಆರಂಭದಲ್ಲಿ, 9.5ನೇ ಆವೃತ್ತಿಯಲ್ಲಿ.

ರೆಕಾರ್ಡಿಂಗ್ ಕೇಳುವಾಗ ನಾನು ಮೊದಲು ಸಮಯದ ಪಟ್ಟಿ ಮಾಡಿಕೊಳ್ಳುತ್ತೇನೆ. ಯಾವ ದಾರಿ ಎಷ್ಟನೇ ನಿಮಿಷಕ್ಕೆ ಎದ್ದಿತು, ಎಷ್ಟನೇ ನಿಮಿಷಕ್ಕೆ ಬಿದ್ದಿತು, ಕಾರಣ ಯಾವ ನಿಮಿಷದಲ್ಲಿ ಬಂತು. ಈ ಮೂರನೆಯ ಕಾಲಂ ತುಂಬುವುದೇ ಕಷ್ಟ. ಕ್ರಾನ್ ಬಿದ್ದದ್ದು 21ನೇ ನಿಮಿಷದಲ್ಲಿ. ‘ಅದು ಹಳೇ ಕಾಲದ್ದು, ಬಿಡಿ’ ಎಂದರು ಒಬ್ಬರು, ಎಲ್ಲರೂ ನಕ್ಕರು. ಹಳೆಯದು ಎಂಬುದು ಕಾರಣವಲ್ಲ, ಡೇಟಾಬೇಸೂ ಹಳೆಯದೇ. ನಿಜವಾದ ಕಾರಣ ಸಿಕ್ಕಿದ್ದು 52ನೇ ನಿಮಿಷದಲ್ಲಿ, ಎಷ್ಟು ಕೆಲಸಗಾರರು ಬೇಕೆಂದು ಬೇರೆ ಯಾರೋ ಲೆಕ್ಕ ಹಾಕುವಾಗ. 40 ರಸೀದಿಗೆ 120 ಸೆಕೆಂಡು. ಅಂದರೆ ಕ್ರಾನಿನ ಒಂದು ಸರದಿ ಮುಗಿಯುವ ಮೊದಲೇ ಮುಂದಿನದು ಶುರುವಾಗಿ ಎರಡೂ ಒಂದೇ ಸಾಲನ್ನು ಎತ್ತಬಹುದು. ಒಂದು ಮುಗಿಯುವವರೆಗೆ ಇನ್ನೊಂದನ್ನು ತಡೆದರೆ ನಿಮಿಷಕ್ಕೆ 20 ರಸೀದಿ ಬಾಕಿ ಬೀಳುತ್ತಾ ಹೋಗುತ್ತದೆ. ಆದರೆ 52ನೇ ನಿಮಿಷದ ಲೆಕ್ಕವನ್ನು 21ನೇ ನಿಮಿಷದ ನಗೆಗೆ ಅಂಟಿಸುವ ಹಕ್ಕು ನನಗಿಲ್ಲ. ‘ಇದೇ ಕಾರಣವೇ?’ ಎಂದು ಇಬ್ಬರನ್ನೂ ಕೇಳಿ, ಹೌದೆಂದ ಮೇಲೆ ಬರೆದೆ. ಇಲ್ಲದಿದ್ದರೆ ಅದು ನಾನು ಕಟ್ಟಿದ ಕತೆಯಾಗುತ್ತಿತ್ತು, ಚೆನ್ನಾಗಿಯೂ ಓದಿಸಿಕೊಳ್ಳುತ್ತಿತ್ತು.

ಇನ್ನು ‘ನೋಡೋಣ’. ನಮ್ಮ ಮೀಟಿಂಗುಗಳು ನಡೆಯುವುದು ಕನ್ನಡ, ಇಂಗ್ಲಿಷ್ ಕಲಸಿದ ಮಾತಿನಲ್ಲಿ. ಅದರಲ್ಲಿ ಈ ಪದದ ಅರ್ಥ ಹಿಡಿಯುವುದು ಕಷ್ಟ. ಮದುವೆ ಮಾತುಕತೆಯಲ್ಲಿ ‘ನೋಡೋಣ’ ಅಂದರೆ ಬೇಡ ಎಂದರ್ಥ. ಸಾಲ ಕೇಳಿದಾಗ ಅಂದರೆ ಇನ್ನೊಮ್ಮೆ ಬರಬೇಡ ಎಂದು. ಡಿಸೈನ್ ರಿವ್ಯೂನಲ್ಲಿ? 64ನೇ ನಿಮಿಷದಲ್ಲಿ ತಂಡದ ಅತ್ಯಂತ ಕಿರಿಯ ಹುಡುಗಿ, ‘ಈಮೇಲ್ ಹೋಗಿಬಿಟ್ಟು, ಆಯ್ತು ಅಂತ ಗುರುತು ಹಾಕೋ ಮೊದಲೇ ಪ್ರೋಗ್ರಾಂ ಸತ್ತರೆ? ಬೀಗ ಬಿಚ್ಚುತ್ತೆ, ಇನ್ನೊಬ್ಬ ಎತ್ತಿಕೊಳ್ತಾನೆ, ಅದೇ ರಸೀದಿ ಎರಡು ಸಲ ಹೋಗುತ್ತೆ ಅಲ್ವಾ?’ ಎಂದಳು. ‘ಅಪರೂಪ. ನೋಡೋಣ’ ಎಂಬ ಉತ್ತರ ಬಂತು. ಮಾತು ಮುಂದೆ ಹೋಯಿತು. ಕೇಳಿದವಳೂ ಸುಮ್ಮನಾದಳು. ಆ ಮೌನವನ್ನು ಒಪ್ಪಿಗೆ ಎಂದು ಬರೆಯುವುದು ಬಹಳ ಸುಲಭ. ಆದರೆ ಅವಳು ಹೇಳಿದ್ದು ಸರಿ, ಮತ್ತು ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಉತ್ತರ ಹೇಳಿದವರ ಬಳಿ ಹೋಗಿ, ‘ಸರ್, ಈ ನೋಡೋಣ ಅಂದರೆ ಈಗ ಸರಿಪಡಿಸ್ತೀವಿ ಅಂತಲೋ, ಇರಲಿ ಬಿಡು ಅಂತಲೋ?’ ಎಂದು ಕೇಳಿದೆ. ಯೋಚಿಸಿ, ‘ಇರಲಿ’ ಅಂದರು. ಅದು ‘ಪರಿಣಾಮಗಳು’ ಭಾಗಕ್ಕೆ ಹೋಯಿತು: ಅಪರೂಪಕ್ಕೆ ಒಂದೇ ರಸೀದಿ ಎರಡು ಬಾರಿ ತಲುಪಬಹುದು, ರಸೀದಿ ಸಂಖ್ಯೆ ಒಂದೇ ಇರುವುದರಿಂದ ಲೆಕ್ಕ ಕೆಡುವುದಿಲ್ಲ, ಇದು ಗೊತ್ತಿದ್ದೇ ಒಪ್ಪಿಕೊಂಡದ್ದು.

ರ‍್ಯಾಬಿಟ್‌ಎಂಕ್ಯೂ ಬಗ್ಗೆ ಬರೆಯುವಾಗ ತೊಡಕು ಬೇರೆಯೇ ಬಂತು. ಅದನ್ನು ಮುಂದಿಟ್ಟವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ಕರಡು ಓದಿ, ‘ನಂದು ಸೋತಿತು ಅಂತ ಕಲ್ಲಿನ ಮೇಲೆ ಕೆತ್ತಿಸಿದ ಹಾಗಿದೆಯಲ್ಲಯ್ಯ. ಆ ಭಾಗ ತೆಗೆದುಬಿಡು’ ಎಂದರು. ಅವರ ಹೆಸರನ್ನೇನೂ ನಾನು ಬರೆದಿರಲಿಲ್ಲ. ದಾರಿಗಳ ಪಕ್ಕದಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲ. ಆದರೂ ಎಂಟು ಜನರ ತಂಡದಲ್ಲಿ ಯಾರದೆಂದು ಎಲ್ಲರಿಗೂ ಗೊತ್ತು. ತೆಗೆದರೆ ಆರು ತಿಂಗಳ ನಂತರ ಬರುವ ಹೊಸಬರು ಅದನ್ನೇ ಮತ್ತೆ ಪ್ರಸ್ತಾಪಿಸಿ, ಇದೇ ಚರ್ಚೆಯನ್ನು ಮೊದಲಿನಿಂದ ನಡೆಸುತ್ತಾರೆ. ಅವರಿಗೆ ಅದನ್ನೇ ಹೇಳಿ, ‘ನೀವೇ ಓದಿ. ನಿಮ್ಮ ವಾದ ಇದೇ ಅಂತ ನಿಮಗೆ ಅನ್ನಿಸದಿದ್ದರೆ ನಾನು ಬರೆದದ್ದು ಸರಿಯಿಲ್ಲ’ ಎಂದೆ.

ಅವರ ವಾದ ಗಟ್ಟಿಯಾದದ್ದೇ. ಸರದಿ ನೋಡಿಕೊಳ್ಳುವುದಕ್ಕೆಂದೇ ಕಟ್ಟಿದ ಸರ್ವರ್ ಇರುವಾಗ ಡೇಟಾಬೇಸಿನ ಮೇಲೆ ಆ ಭಾರ ಏಕೆ? ಅದನ್ನು ಕೈಬಿಡಲು 31ನೇ ನಿಮಿಷದಲ್ಲಿ ಬಂದ ಕಾರಣ ಇದು: ಫೀಸು ಜಮಾ ಆಗುವುದು ಡೇಟಾಬೇಸಿನಲ್ಲಿ, ಸಂದೇಶ ಹೋಗುವುದು ಇನ್ನೊಂದು ಸರ್ವರಿಗೆ. ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಲಾಗದು. ಜಮಾ ಆಗಿ, ಸಂದೇಶ ಹೋಗುವ ಮೊದಲೇ ಕುಸಿದರೆ ದುಡ್ಡು ಬಂದಿದೆ, ರಸೀದಿ ಎಂದಿಗೂ ಬರುವುದಿಲ್ಲ. ಅದನ್ನು ತಡೆಯಲು ಕಳಿಸಬೇಕಾದ ಸಂದೇಶಗಳನ್ನು ಡೇಟಾಬೇಸಿನಲ್ಲೇ ಒಂದು ಟೇಬಲಿನಲ್ಲಿ ಬರೆದಿಡಬೇಕು. ಹಾಗೆ ಬರೆದಿಟ್ಟರೆ ಅದು ಮೂರನೆಯ ದಾರಿಯ ಟೇಬಲೇ ಆಯಿತಲ್ಲ! ಮೇಲೊಂದು ಸರ್ವರ್ ಹೆಚ್ಚುವರಿ, ರಾತ್ರಿ ಅದನ್ನು ಕಾಯಲು ಇರುವವರು ಇಬ್ಬರೇ.

ಅವರು ಎರಡು ಸಲ ಓದಿದರು. ‘ಭಾರವಾಯಿತು’ ಎಂಬ ನನ್ನ ಪದ ಹೊಡೆದು ಹಾಕಿ, ‘ಇಂದಿನ ಪ್ರಮಾಣಕ್ಕೆ ಅಗತ್ಯವಿಲ್ಲ’ ಎಂದು ತಿದ್ದಿದರು. ಆಮೇಲೆ ಕೆಳಗೆ ತಾವೇ ಒಂದು ಸಾಲು ಸೇರಿಸಿದರು: ಫೀಸು ಜಮಾ ಆದ ಸುದ್ದಿ ರಸೀದಿಗಷ್ಟೇ ಅಲ್ಲದೆ ಹಾಸ್ಟೆಲು, ಲೈಬ್ರರಿ ಮುಂತಾದ ಬೇರೆ ವ್ಯವಸ್ಥೆಗಳಿಗೂ ಬೇಕಾದ ದಿನ ಈ ದಾರಿಯನ್ನು ಮತ್ತೆ ತೆರೆಯಬೇಕು. ಇಡೀ ರೆಕಾರ್ಡಿಂಗಿನಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ಹಾಗಾಗಿ ಅದರ ಮುಂದೆ ‘ರಿವ್ಯೂ ನಂತರ ಸೇರಿಸಿದ್ದು’ ಎಂದು ತಾರೀಖು ಹಾಕಿ, ಕೋಡಿನ ಜೊತೆಯಲ್ಲೇ `docs/adr/0007-receipt-jobs.md` ಎಂದು ಸೇರಿಸಿದೆ. ರೆಕಾರ್ಡಿಂಗು 30 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ.