ಮೂವತ್ತೆಂಟು ಪುಟ, ನಲವತ್ತು ನಿಮಿಷ

ದೀಪಾವಳಿಗೆ ಸೇಡಂಗೆ ಹೋದಾಗ ಅಕ್ಕನ ಮಗಳು ಬಾಗಿಲಲ್ಲೇ ಲ್ಯಾಪ್‌ಟಾಪ್ ಹಿಡ್ಕೊಂಡು ನಿಂತಿದ್ದಳು. "ಮಾಮಾ, ನಾರ್ಮಲೈಸೇಶನ್ ನಾ ಹೇಳ್ಬೇಕಂತ. ರವಿವಾರ. ಸ್ಲೈಡ್ ಮಾಡೀನಿ, ನೋಡು." ನೋಡಿದೆ. ನಲವತ್ತಾರು ಸ್ಲೈಡ್. ಅವರ ಸರ್ ಕೊಟ್ಟಿದ್ದ ಮೂವತ್ತೆಂಟು ಪುಟದ ಹ್ಯಾಂಡ್‌ಔಟನ್ನು ಪ್ಯಾರಾ ಪ್ಯಾರಾ ಕತ್ತರಿಸಿ ಅಂಟಿಸಿದ್ದಳು. ಹ್ಯಾಂಡ್‌ಔಟ್‌ಗಿಂತ ಸ್ಲೈಡೇ ಉದ್ದ ಆಗಿತ್ತು!

ನಗಬೇಕು ಅನ್ನಿಸಿದ್ರೂ ನಗಲಿಲ್ಲ, ಯಾಕಂದ್ರೆ ವಿಷಯ ಸ್ವಲ್ಪ ಗಂಭೀರವಾಗಿತ್ತು. ಬಿಸಿಎ ಓದೋ ಆರು ಜನರ ಗುಂಪು ಅದು. ಸೇಡಂನವರು ಇಬ್ಬರು, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯಿಂದ ಒಬ್ಬೊಬ್ಬರು. ಡಿಬಿಎಂಎಸ್‌ನಲ್ಲಿ ಮೂರು ಜನರದ್ದು ಹಳೆಯ ಪೇಪರ್ ಬಾಕಿ, ಅದರಲ್ಲಿ ನಮ್ಮ ಹುಡುಗಿಯೂ ಒಬ್ಬಳು. ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಹಿಂದಿನ ವಾರ ಬೇರೊಬ್ಬ ಹುಡುಗ ಎರಡು ತಾಸು ಸ್ಲೈಡ್ ಓದಿದ್ದನಂತೆ. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯ ಹುಡುಗಿ ಬಸ್ಸಲ್ಲಿ ಸೇಡಂಗೆ ಬಂದು, ಆಮೇಲೆ ರೈಲು ಹಿಡಿದು ಚಿತ್ತಾಪುರಕ್ಕೆ ಬರಬೇಕು. "ಪಿಡಿಎಫ್ ಮನ್ಯಾಗೇ ಓದ್ಕೋತೀನಿ, ಇದಕ್ಕ ಯಾಕ ಬರ್ಲಿ" ಅಂದು ಹೋಗಿದ್ದಳು. ಈ ರವಿವಾರವೂ ಹಂಗೇ ಆದ್ರೆ ಗುಂಪು ಮುಗೀತು.

ಅವಳ ಸ್ಲೈಡ್ ಮುಚ್ಚಿಸಿದೆ. ಮೊದಲ ಪುಟದಿಂದ ಶುರು ಮಾಡಿದ್ರೆ ಯಾವುದನ್ನೂ ಬಿಡೋಕೆ ಮನಸ್ಸು ಬರಲ್ಲ, ಪ್ರತಿ ಪುಟವೂ ಮುಖ್ಯ ಅನ್ಸುತ್ತೆ. ಅದಕ್ಕೇ ಹ್ಯಾಂಡ್‌ಔಟ್‌ನ ಕೊನೆಗೆ ಹೋದ್ವಿ, ಅಭ್ಯಾಸದ ಲೆಕ್ಕಗಳ ಕಡೆಗೆ. "ನಲವತ್ತು ನಿಮಿಷ ಆದಮೇಲೆ ಉಳಿದ ಐದು ಜನಕ್ಕೆ ಇದರಲ್ಲಿ ಯಾವ ಒಂದು ಲೆಕ್ಕ ತಾವೇ ಮಾಡೋಕೆ ಬರಬೇಕು?" ಅಂದೆ. ಬಹಳ ಹೊತ್ತು ಯೋಚಿಸಿ, ಒಂದು ದೊಡ್ಡ ಟೇಬಲ್ ಕೊಟ್ಟು 'ಮೂರನೇ ನಾರ್ಮಲ್ ಫಾರ್ಮ್‌ಗೆ ಒಡೆಯಿರಿ' ಅನ್ನೋ ಪ್ರಶ್ನೆ ತೋರಿಸಿದಳು. ಸರಿ. ಅದನ್ನು ಮಾಡೋಕೆ ಏನು ಗೊತ್ತಿರಬೇಕೋ ಅಷ್ಟಕ್ಕೆ ಮಾತ್ರ ಪೆನ್ಸಿಲ್ ಗುರುತು ಹಾಕು ಅಂದೆ.

ಗುರುತು ಬಿದ್ದಿದ್ದು ಒಂಬತ್ತು ಪುಟಕ್ಕೆ. ಎಡ್ಗರ್ ಕಾಡ್ 1970ರಲ್ಲಿ ಬರೆದ ಪ್ರಬಂಧದ ಇತಿಹಾಸ ಹೋಯ್ತು. ಆರ್ಮ್‌ಸ್ಟ್ರಾಂಗ್ ನಿಯಮಗಳ ಸಾಧನೆ, ನಾಲ್ಕು ಮತ್ತು ಐದನೇ ನಾರ್ಮಲ್ ಫಾರ್ಮ್ ಹೋದ್ವು. ಬಿಸಿಎನ್‌ಎಫ್ ಬಿಡೋಕೆ ಅವಳಿಗೆ ಭಯ, "ಪರೀಕ್ಷೆದಾಗ ಕೇಳ್ತಾರ ಮಾಮಾ" ಅಂದಳು. ಕೇಳ್ತಾರೆ, ಖರೆ. ಆದ್ರೆ ಮೂರನೆಯದು ಗೊತ್ತಿಲ್ಲದವರಿಗೆ ಬಿಸಿಎನ್‌ಎಫ್ ಹೇಳಿ ಏನು ಉಪಯೋಗ? ಬಿಟ್ಟಿದ್ದರ ಪುಟ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು, ಓದಬೇಕಾದವರು ಓದಲಿ ಅಂತ ಕೊನೆಗೆ ಕೊಡೋದು ಅಂತಾಯ್ತು.

ಒಂಬತ್ತು ಪುಟದಲ್ಲೂ ಉದಾಹರಣೆ ಅಂದ್ರೆ ಎ, ಬಿ, ಸಿ, ಡಿ ಅಕ್ಷರಗಳೇ. ಅಲ್ಲೊಂದು ಆರ್, ಇಲ್ಲೊಂದು ಎಫ್. ನಮ್ಮ ಭಾಗದ ಟೇಬಲ್ ಮಾಡೋಣ ಅಂತ ಶಹಾಬಾದ ಪರ್ಸಿ ಮಾರೋ ಅಂಗಡಿಯ ಬಿಲ್ ಒಂದನ್ನು ನಾವೇ ಕಟ್ಟಿದ್ವಿ. ಬಿಲ್ ನಂಬರ್, ತಾರೀಖು, ಗಿರಾಕಿ, ಊರು, ಕಲ್ಲಿನ ಬಗೆ, ಅಡಿಗೆ ದರ, ಎಷ್ಟು ಅಡಿ. ಐದೇ ಸಾಲು. ವಾಡಿಯ ಬಸವರಾಜ ಬಿಲ್ 101ರಲ್ಲಿ ರಫ್ ಕಲ್ಲನ್ನೂ ಪಾಲಿಶ್ ಕಲ್ಲನ್ನೂ ತಗೊಂಡಿದ್ದಾನೆ, 103ರಲ್ಲಿ ಮತ್ತೆ ಪಾಲಿಶ್. ಅಂದ್ರೆ 'ವಾಡಿ' ಮೂರು ಸಲ ಬಂದಿದೆ. ಸೇಡಂನ ಶರಣಮ್ಮ 102ರಲ್ಲಿ ರಫ್ ತಗೊಂಡಿದ್ದಾಳೆ. ಚಿಂಚೋಳಿಯ ಖಾಜಾನದ್ದು 104, ಒಂದೇ ಸಾಲು, ಪಾಲಿಶ್. ರಫ್‌ಗೆ ಎಲ್ಲ ಕಡೆ 20 ರೂಪಾಯಿ, ಪಾಲಿಶ್‌ಗೆ 32, ಲೆಕ್ಕಕ್ಕೆ ಹಾಕಿಕೊಂಡಿದ್ದು.

ಈ ಐದು ಸಾಲಲ್ಲಿ ಹ್ಯಾಂಡ್‌ಔಟ್‌ನ ನಾಲ್ಕು ಪುಟದ ವ್ಯಾಖ್ಯೆ ಕೂತಿದೆ. ಬಸವರಾಜ ವಾಡಿ ಬಿಟ್ಟು ಸೇಡಂಗೆ ಹೋದ ಅನ್ಕೊಳ್ಳಿ, ಮೂರು ಕಡೆ ತಿದ್ದಬೇಕು. ಒಂದು ಕಡೆ ಮರೆತ್ರೆ ಒಬ್ಬನಿಗೆ ಎರಡು ಊರು. ಖಾಜಾನ ಬಿಲ್ ರದ್ದಾಗಿ ಸಾಲು ಅಳಿಸಿದ್ರೆ ಅವನ ಊರೂ ಅಳಿಸಿ ಹೋಯ್ತು. ಹೊಸ ಬಗೆಯ ಕಲ್ಲು ಬಂತು, ಯಾರೂ ಇನ್ನೂ ಕೊಂಡಿಲ್ಲ, ಅದರ ದರ ಬರೆಯೋಕೆ ಜಾಗವೇ ಇಲ್ಲ. ಹ್ಯಾಂಡ್‌ಔಟ್‌ನಲ್ಲಿ ಇವಕ್ಕೆ ಅಪ್‌ಡೇಟ್, ಡಿಲೀಟ್, ಇನ್ಸರ್ಟ್ ಅನಾಮಲಿ ಅಂತ ಹೆಸರು. ಹೆಸರು ಆಮೇಲೆ ಹೇಳು, ಮೊದಲು ತೊಂದರೆ ಅವರ ಕೈಗೆ ಸಿಗಲಿ ಅಂದೆ.

ಆಮೇಲೆ ಸ್ಲೈಡ್. ಅವರ ಹತ್ರ ಪ್ರೊಜೆಕ್ಟರ್ ಇಲ್ಲ, ಒಂದು ಲ್ಯಾಪ್‌ಟಾಪ್ ಸುತ್ತ ಐದು ಜನ. ಏಳು ಕಾಲಮ್ಮಿನ ಟೇಬಲ್ ಅದರಲ್ಲಿ ಹಾಕಿದ್ರೆ ಬದಿಗೆ ಕೂತವರಿಗೆ ಕಾಣಲ್ಲ. ಅದಕ್ಕೆ ಹಂಚಿಕೆ ಮಾಡ್ಕೊಂಡ್ವಿ: ಪದೇ ಪದೇ ಕಣ್ಣಾಡಿಸಬೇಕಾದ ಟೇಬಲ್ ಕಾಗದದ ಮೇಲೆ, ಒಬ್ಬೊಬ್ಬರಿಗೆ ಒಂದೊಂದು. ಸ್ಲೈಡ್ ಮೇಲೆ ಪ್ರಶ್ನೆ ಮಾತ್ರ, ಮೂವತ್ತೆರಡು ಪಾಯಿಂಟಿನ ಅಕ್ಷರದಲ್ಲಿ. ಅವಳು ಹೇಳಬೇಕಾದ ಮಾತು ಎರಡರಲ್ಲೂ ಇಲ್ಲ, ಅವಳ ನೋಟ್‌ಬುಕ್ಕಿನಲ್ಲಿ ನಿಮಿಷದ ಲೆಕ್ಕದ ಎದುರು. ನಲವತ್ತಾರು ಸ್ಲೈಡು ಏಳಕ್ಕೆ ಇಳಿಯಿತು. ತೊಂದರೆ ಹುಡುಕೋಕೆ ಎಂಟು ನಿಮಿಷ, ಯಾವುದು ಯಾವುದನ್ನು ನಿರ್ಧರಿಸುತ್ತೆ ಅನ್ನೋದಕ್ಕೆ ಹನ್ನೆರಡು, ಟೇಬಲ್ ಒಡೆಯೋಕೆ ಹದಿನೈದು, ಉಳಿದ ಐದು ಖಾಲಿ. ಖಾಲಿ ಐದು ನಿಮಿಷಕ್ಕೆ ಅವಳು ಬಿಸಿಎನ್‌ಎಫ್ ತುರುಕೋಕೆ ನೋಡಿದಳು. ಕೊಡಲಿಲ್ಲ.

ಪ್ರಶ್ನೆ ಕೇಳೋ ರೀತಿ ಮಾತ್ರ ನಾನು ಎರವಲು ತಂದಿದ್ದು. ಹಾರ್ವರ್ಡ್‌ನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1997ರಲ್ಲಿ ಪುಸ್ತಕ ಮಾಡಿದ ಕ್ರಮ ಅದು: ಪ್ರಶ್ನೆ ಹಾಕು, ಯಾರೂ ಮಾತಾಡದೆ ಒಬ್ಬೊಬ್ಬರೇ ಉತ್ತರ ಆರಿಸಲಿ, ಆಮೇಲೆ ಪಕ್ಕದವರನ್ನು ಒಪ್ಪಿಸೋಕೆ ನೋಡಲಿ, ಮತ್ತೆ ಆರಿಸಲಿ. ಎಲ್ಲರದ್ದೂ ಸರಿ ಇದ್ರೆ ಚರ್ಚೆ ದಂಡ, ಯಾರಿಗೂ ಬರದಿದ್ರೆ ಕುರುಡರು ಕುರುಡರಿಗೆ ದಾರಿ ತೋರಿಸಿದಂಗೆ. ಸುಮಾರು ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗ ಜನ ಸರಿ ಇದ್ದಾಗ ಮಾತಿಗೆ ಬೆಲೆ. ಐದು ಜನರಲ್ಲಿ ಇಬ್ಬರೋ ಮೂವರೋ ಅಂತ ಇಟ್ಕೊಂಡ್ವಿ. ಬೆರಳೆತ್ತಿ ತೋರಿಸಬೇಕು, ಎಲ್ಲರೂ ಒಂದೇ ಸಲಕ್ಕೆ. ಇಲ್ಲಾಂದ್ರೆ ಜಾಣನ ಬೆರಳು ನೋಡಿ ಉಳಿದವರು ಎತ್ತುತ್ತಾರೆ.

ನಡುವಿನ ಹನ್ನೆರಡು ನಿಮಿಷದ ಉತ್ತರವನ್ನು ಮಾತ್ರ ನಾನೇ ಟೈಪ್ ಮಾಡಿಕೊಟ್ಟಿದ್ದೆ, ಸ್ಲೈಡ್ ಐದು:

```
BillNo   -> Date, Customer
Customer -> Town
Stone    -> Rate
```

ಬಿಲ್ ನಂಬರ್ ಗೊತ್ತಾದ್ರೆ ತಾರೀಖು, ಗಿರಾಕಿ ಗೊತ್ತಾಗುತ್ತೆ, ಗಿರಾಕಿಯಿಂದ ಊರು, ಕಲ್ಲಿನ ಬಗೆಯಿಂದ ದರ. ಒಂದು ಹೆಸರಿಗೆ ಒಬ್ಬನೇ ಗಿರಾಕಿ ಅಂತ ಇಟ್ಕೊಂಡಿದ್ದೆ. ಹಿಂಗಾಗಿ ಟೇಬಲ್ ನಾಲ್ಕಾಗಿ ಒಡೆಯುತ್ತೆ: ಬಿಲ್, ಗಿರಾಕಿ, ಕಲ್ಲು, ಮತ್ತು ಯಾವ ಬಿಲ್ಲಿಗೆ ಯಾವ ಕಲ್ಲು ಎಷ್ಟು ಅಡಿ ಅನ್ನೋದು. ಹತ್ತು ವರ್ಷ ಇದೇ ಕೆಲಸ ಮಾಡೀನಿ ಅನ್ನೋ ಧೈರ್ಯದಲ್ಲಿ ಎರಡನೇ ಸಲ ನೋಡಲಿಲ್ಲ.

ರವಿವಾರ ಅವಳ ಜೊತೆ ನಾನೂ ರೈಲು ಹತ್ತಿದೆ. ಚಿತ್ತಾಪುರದಲ್ಲಿ ಗೆಳತಿಯ ಮನೆಯ ಪಡಸಾಲೆ. ಚಿಂಚೋಳಿಯ ಹುಡುಗಿ ಬಂದಿದ್ದಳು, ಬ್ಯಾಗ್ ಮಾತ್ರ ಹೆಗಲಿಂದ ಇಳಿಸಿರಲಿಲ್ಲ. ಮೊದಲ ಎಂಟು ನಿಮಿಷ ಸಲೀಸಾಗಿ ಹೋಯ್ತು. ಬಸವರಾಜನ ಊರು ಬದಲಿಸೋಕೆ ಹೇಳಿದಾಗ ವಾಡಿಯ ಹುಡುಗ ಎರಡು ಕಡೆ ತಿದ್ದಿ ಮೂರನೆಯದು ಮರೆತ, ಎಲ್ಲರೂ ನಕ್ಕರು. ಅನಾಮಲಿ ಅನ್ನೋ ಪದ ಆಗ ಹೇಳಿದಳು. ಸರಿಯಾದ ಹೊತ್ತಿಗೆ ಬಂತು.

ಆಮೇಲೆ ಪ್ರಶ್ನೆ: 'ಕಲ್ಲಿನ ಬಗೆ ಗೊತ್ತಾದರೆ ದರ ಖಚಿತವಾಗಿ ಗೊತ್ತಾಗುತ್ತದೆಯೇ? ಹೌದಾದರೆ ಒಂದು ಬೆರಳು, ಇಲ್ಲವಾದರೆ ಎರಡು.' ನಾಲ್ಕು ಜನ ಒಂದು. ಶಹಾಬಾದದ ಹುಡುಗಿ ಎರಡು.

ನಮ್ಮ ಯೋಜನೆ ಪ್ರಕಾರ ನಾಲ್ಕು ಜನ ಸರಿ, ಹಂಗಾಗಿ ಚರ್ಚೆ ಬೇಡ, ಉತ್ತರ ಹೇಳಿ ಮುಂದೆ ಹೋಗಬೇಕು. ಅಕ್ಕನ ಮಗಳು ಸ್ಲೈಡ್ ಐದಕ್ಕೆ ಹೋಗೋಳಿದ್ದಳು, ಅಷ್ಟರಲ್ಲಿ ಕೈ ತೆಗೆದು "ಯಾಕ ಎರಡು ಅಂತೀ?" ಅಂತ ಕೇಳಿದಳು.

"ನಮ್ಮಪ್ಪ ಪರ್ಸಿ ಅಂಗಡ್ಯಾಗ ಲೆಕ್ಕ ಬರೀತಾರ. ರೇಟ್ ಹಂಗೇ ಇರಂಗಿಲ್ಲ. ಮೊನ್ನೆ ಡೀಸೆಲ್ ಏರಿತಂದ್ರ ಏರ್ತದ. ಈಗ ಕಲ್ಲಿನ ಟೇಬಲ್‌ದಾಗ 32 ತಗದು 35 ಮಾಡಿದ್ರ ಬಸವರಾಜಂದು ಹಳೇ ಬಿಲ್ಲೂ 35 ಆಗ್ತದಲ್ಲ? ಅಂವ 32 ಕೊಟ್ಟು ಹೋಗ್ಯಾನ."

ಪಡಸಾಲೆ ಸುಮ್ಮನಾಯ್ತು. ಎಲ್ಲರೂ ಹಿಂದೆ ಕೂತಿದ್ದ ನನ್ನ ಕಡೆ ತಿರುಗಿದರು. ನನಗೆ ಬೆವರು. ಯಾಕಂದ್ರೆ ಇದೇ ತಪ್ಪಿನ ಮೇಲೆ ಕೆಲವು ವರ್ಷದ ಹಿಂದೆ ಒಂದು ರಾತ್ರಿ ಪೂರ್ತಿ ಆಫೀಸಲ್ಲಿ ಕೂತಿದ್ದೆ. ದರದ ಟೇಬಲ್ ಬದಲಿಸಿದ ಮರುದಿನ ಹಳೆಯ ಇನ್‌ವಾಯ್ಸ್‌ಗಳ ಮೊತ್ತವೆಲ್ಲ ಬದಲಾಗಿ ಕೂತಿದ್ದವು. ಆ ಟೇಬಲ್ ಮಾಡಿದ್ದು ನಾನೇ. ಅಂಥವನು ಪಾಠಕ್ಕೆ ಬಂದಾಗ ಪುಸ್ತಕದ ಉತ್ತರ ಬರೆದಿದ್ದೆ.

"ಅವಳು ಹೇಳಿದ್ದೇ ಸರಿ. ಸ್ಲೈಡ್ ಐದು ತಪ್ಪು, ನಾನು ಬರೆದಿದ್ದು" ಅಂದೆ.

ಐದು ಸಾಲು ನೋಡಿ ನಿಯಮ ಕಂಡುಹಿಡಿಯೋಕೆ ಆಗಲ್ಲ, ಸಿಕ್ಕಿಬಿದ್ದಿದ್ದು ಅಲ್ಲಿ. ಸಾಲುಗಳು ಒಂದು ನಿಯಮವನ್ನು ಸುಳ್ಳು ಅಂತ ತೋರಿಸಬಹುದು: ಒಂದೇ ಬಗೆಗೆ ಎರಡು ದರ ಕಂಡ್ರೆ ಮುಗೀತು. ಆದ್ರೆ ಎಲ್ಲ ಸಾಲಲ್ಲೂ 32 ಇದೆ ಅಂದಾಕ್ಷಣ ಯಾವಾಗಲೂ 32 ಇರುತ್ತೆ ಅಂತಲ್ಲ. ಅದನ್ನು ಅಂಗಡಿಯವರನ್ನೇ ಕೇಳಬೇಕು. ಹ್ಯಾಂಡ್‌ಔಟ್‌ನಲ್ಲಿ ಈ ಮಾತು ಒಂದು ಸಾಲಲ್ಲಿ ಇತ್ತು, ಹದಿನಾಲ್ಕನೇ ಪುಟದ ಅಡಿಯಲ್ಲಿ. ಒಂಬತ್ತು ಪುಟ ಆರಿಸುವಾಗ ನಾವಿಬ್ಬರೂ ಅದನ್ನು ದಾಟಿ ಬಂದಿದ್ವಿ. ಚಿಕ್ಕದು ಮಾಡುವಾಗ ಹೋಗೋದು ಇಂಥವೇ. ದಪ್ಪ ಅಕ್ಷರದ ವ್ಯಾಖ್ಯೆ ಎಲ್ಲಾದರೂ ಉಳ್ಕೊಳ್ಳುತ್ತೆ, 'ಆದರೆ' ಅಂತ ಶುರುವಾಗೋ ವಾಕ್ಯ ಉಳಿಯಲ್ಲ. ಈಗೀಗ ಯಾವ ದಾಖಲೆ ಇಳಿಸಿದ್ರೂ ಕೊನೆಗೊಂದ್ಸಲ ಬಿಟ್ಟ ಪುಟಗಳಲ್ಲಿ 'ಆದರೆ' ಹುಡುಕ್ತೀನಿ.

ಉಳಿದ ಪಾಠವನ್ನು ಅವರೇ ನಡೆಸಿಕೊಂಡರು. ಮಾರಿದ ದಿನದ ದರ ಬಿಲ್ಲಿನ ಸಾಲಿನಲ್ಲೇ ಇರಬೇಕು, ಇವತ್ತಿನ ದರ ಕಲ್ಲಿನ ಟೇಬಲ್‌ನಲ್ಲಿ. ಎರಡೂ ದರವೇ ಆದ್ರೂ ಬೇರೆ ಬೇರೆ ಸಂಗತಿ. ಇದನ್ನು ವಾಡಿಯ ಹುಡುಗ ಹೇಳಿದ. ಹಂಗಾದ್ರೆ ಬಸವರಾಜನ ಊರಿಗೂ ಇದೇ ಕಥೆ ಅಲ್ಲವಾ, ಮಾಲು ಇಳಿಸಿದ್ದು ವಾಡಿಗೆ, ಅವನು ಈಗ ಇರೋದು ಸೇಡಂನಲ್ಲಿ ಅಂತ ಚಿಂಚೋಳಿಯ ಹುಡುಗಿ ಕೇಳಿದಳು. ಅದಕ್ಕೆ ಹದಿನೈದು ನಿಮಿಷ ಹೋಯ್ತು, ಖಾಲಿ ಇಟ್ಟ ಐದೂ ಹೋಯ್ತು. ಟೇಬಲ್ ಒಡೆಯೋ ಕೆಲಸ ಮನೆಗೆ ಹೋಯ್ತು. ನಲವತ್ತು ನಿಮಿಷದ ಯೋಜನೆ ಅರ್ಧಕ್ಕೇ ನಿಂತಿತು ಅಂತ ಅಕ್ಕನ ಮಗಳಿಗೆ ಬೇಜಾರು.

ವಾಪಸ್ ಬರುವಾಗ ಮಳಖೇಡ ರೋಡ್ ಸ್ಟೇಷನ್ ದಾಟೋ ಹೊತ್ತಿಗೆ ಅವಳು ಲ್ಯಾಪ್‌ಟಾಪ್ ತೆಗೆದು ಪ್ರಶ್ನೆಗೆ ಮೂರನೇ ಬೆರಳು ಸೇರಿಸಿದಳು: 'ಈ ಸಾಲುಗಳಿಂದ ಹೇಳಲಾಗದು, ಅಂಗಡಿಯವರನ್ನು ಕೇಳಬೇಕು.' ಸ್ಲೈಡ್ ಐದರ ಕೊನೆಯ ಸಾಲು ಅಳಿಸಿ ಹಿಂಗೆ ಬರೆದಳು:

```
BillNo, Stone -> Rate, SqFt
```

ಎದುರು ಸೀಟಲ್ಲಿ ಚಿಂಚೋಳಿಯ ಹುಡುಗಿ ಕೂತಿದ್ದಳು, ಸೇಡಂನಲ್ಲಿ ಇಳಿದು ಬಸ್ಸಿಗೆ ಓಡಬೇಕಿತ್ತು. ಬ್ಯಾಗ್ ಸೀಟಿನ ಕೆಳಗಿತ್ತು. "ಬರೋ ರವಿವಾರ ಟ್ರಾನ್ಸಾಕ್ಷನ್ ನಾ ಮಾಡ್ತೀನಿ, ಆ ಹ್ಯಾಂಡ್‌ಔಟ್ ಐವತ್ತೆರಡು ಪುಟ ಅದ" ಅಂದು ನನ್ನ ಕಡೆ ನೋಡಿ, "ನೀವು ಉತ್ತರ ಬರದು ಕೊಡಬ್ಯಾಡ್ರಿ ಮತ್ತ" ಅಂದಳು.